ಕೊನೆಯ ದೋಸೆ ಯಾರಿಗೆ? ಆರು ವರ್ಷದವರಿಗೆ ಕಥೆ ಕಟ್ಟುವ ಬಗೆ

ಆರು ವರ್ಷದ ಮಗು ಪುಸ್ತಕ ಹಿಡಿದು ಗಡಗಡನೆ ಓದುತ್ತದೆ. ಮನೆಗೆ ಬಂದವರ ಮುಂದೆ ಅಪ್ಪ ಅಮ್ಮ ಹೆಮ್ಮೆಯಿಂದ ಓದಿಸುತ್ತಾರೆ. ಹತ್ತಿರ ಹೋಗಿ ನೋಡಿದರೆ ಮಗುವಿನ ಬೆರಳು ಎರಡನೆಯ ಸಾಲಿನಲ್ಲಿದೆ, ಬಾಯಿ ನಾಲ್ಕನೆಯ ಸಾಲು ದಾಟಿದೆ. ಪುಟದ ಮೇಲೆ ಕೈ ಅಡ್ಡ ಇಟ್ಟರೂ ಓದು ನಿಲ್ಲುವುದಿಲ್ಲ. ಕಥೆ ಪೂರ್ತಿ ಬಾಯಿಗೆ ಬಂದಿದೆ, ಕಣ್ಣಿಗೆ ಇನ್ನೂ ಕೆಲಸವೇ ಬಿದ್ದಿಲ್ಲ.

ಹಾಗೆಂದು ಬೈಯಬೇಕಾಗಿಲ್ಲ. ಓದಿನ ಮೊದಲ ಮೆಟ್ಟಿಲು ಇದೇ. ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆಗಳನ್ನು ಚಿಕ್ಕವರಿಗೆಂದು ಬರೆಯುವುದೂ ಇದಕ್ಕಾಗಿಯೇ. ಮುಂದಿನ ಸಾಲು ಏನಿರಬಹುದೆಂದು ಮಗುವಿಗೆ ಮೊದಲೇ ಗೊತ್ತಿದ್ದರೆ ಅಕ್ಷರ ಕೂಡಿಸಿ ಓದುವ ಶ್ರಮ ಅರ್ಧ ಇಳಿಯುತ್ತದೆ. ತೊಂದರೆ ಇರುವುದು ಬೇರೆ ಕಡೆ. ಮರುಕಳಿಸುವ ಸಾಲು ಓದಿಗೂ ಆಸರೆ, ಬಾಯಿಪಾಠಕ್ಕೂ ಆಸರೆ. ಬರೆಯುವವರು ಎಚ್ಚರ ತಪ್ಪಿದರೆ ಮಗು ಎರಡನೆಯದನ್ನೇ ಹಿಡಿದು ಪುಸ್ತಕ ಮುಗಿಸಿಬಿಡುತ್ತದೆ. ಹಾಗಾಗದಂತೆ ಸಾಲನ್ನು ಹೇಗೆ ಕಟ್ಟಬೇಕು? ಹಂಚಿಕೊಂಡು ತಿನ್ನುವುದರ ಬಗ್ಗೆ ಒಂದು ಪುಟ್ಟ ಕಥೆ ಇಟ್ಟುಕೊಂಡು ನೋಡೋಣ.

ಮರುಕಳಿಸುವ ಮಾತು ನಮಗೆ ಹೊಸದೇನೂ ಅಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಮಳೆಗೆ ಮನೆ ಕಳೆದುಕೊಂಡ ಕಾಗಕ್ಕ ಬಾಗಿಲು ತಟ್ಟುತ್ತಾಳೆ, ಗುಬ್ಬಕ್ಕ ಒಳಗಿನಿಂದಲೇ ಒಂದೊಂದು ನೆಪ ಹೇಳುತ್ತಾಳೆ. ಬಾಗಿಲು ತಟ್ಟುವುದು ಪ್ರತಿ ಸಲವೂ ಒಂದೇ, ನೆಪ ಮಾತ್ರ ಬೇರೆ. ಮಗು ಆ ಹೊಸ ನೆಪಕ್ಕಾಗಿಯೇ ಕಾಯುತ್ತಿರುತ್ತದೆ. ಹೇಳುವ ಕಥೆಗೆ ಅಷ್ಟು ಸಾಕು. ಓದುವ ಕಥೆಯಲ್ಲಿ ಆ ಬದಲಾಗುವ ಜಾಗಕ್ಕೆ ಇನ್ನೊಂದು ಕೆಲಸವೂ ಇದೆ. ಬಾಯಿಪಾಠ ಅಲ್ಲಿ ಎಡವಬೇಕು, ಕಣ್ಣು ಪುಟಕ್ಕೆ ಇಳಿಯಬೇಕು.

ಕಥೆ ಇದು. ಐದು ಪುಟಕ್ಕೆ ಹಂಚಿಕೊಂಡು ಓದಬೇಕು.

ಕೊನೆಯ ದೋಸೆ

ಇದು ಕೊನೆಯ ದೋಸೆ.
ಇದು ರವಿಯ ದೋಸೆ.

ಅಕ್ಕ ಬಂದಳು.
“ನನಗೂ ಬೇಕು!”
ರವಿ ದೋಸೆ ನೋಡಿದ.
ಅಕ್ಕನ ಕಡೆ ನೋಡಿದ.
“ಬಾ, ಕೂರು. ನಿನಗೂ ಇದೆ.”
ಒಂದು ದೋಸೆ. ಇಬ್ಬರು.

ಅಣ್ಣ ಬಂದ.
“ನನಗೂ ಬೇಕು!”
ರವಿ ದೋಸೆ ನೋಡಿದ.
ಅಣ್ಣನ ಕಡೆ ನೋಡಿದ.
“ಬಾ, ಕೂರು. ನಿನಗೂ ಇದೆ.”
ಒಂದು ದೋಸೆ. ಮೂವರು.

ಅಮ್ಮ ಬಂದಳು.
ಅಮ್ಮ ಏನೂ ಕೇಳಲಿಲ್ಲ.
ರವಿ ದೋಸೆ ನೋಡಿದ.
ಅಮ್ಮನ ಕಡೆ ನೋಡಿದ.
“ಬಾ, ಕೂರು. ನಿನಗೂ ಇದೆ.”
ಒಂದು ದೋಸೆ. ನಾಲ್ವರು.

ರವಿ ದೋಸೆ ತುಂಡು ಮಾಡಿದ.
ಅಕ್ಕನಿಗೆ ಒಂದು. ಅಣ್ಣನಿಗೆ ಒಂದು. ಅಮ್ಮನಿಗೆ ಒಂದು.
ರವಿ ತಟ್ಟೆ ನೋಡಿದ.
ಒಂದು ಚಿಕ್ಕ ತುಂಡು.
“ನನಗೂ ಇದೆ!”

ಹೆಸರು ಬಿಟ್ಟರೆ ಒಟ್ಟು 76 ಪದ, ಅದರಲ್ಲಿ ಬೇರೆ ಬೇರೆಯವು 34. ‘ದೋಸೆ’ 9 ಸಲ ಬಂದಿದೆ, ‘ನೋಡಿದ’ 7 ಸಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ತನ್ನ ಮಕ್ಕಳ ಪುಸ್ತಕಗಳನ್ನು ನಾಲ್ಕು ಹಂತವಾಗಿ ವಿಂಗಡಿಸುತ್ತದೆ. ಆಗಷ್ಟೇ ಓದಲು ಹೊರಟವರ ಮೊದಲ ಹಂತಕ್ಕೆ ಅದು ಹಾಕಿಕೊಂಡ ಮಿತಿ 250 ಪದ. ನಮ್ಮ ಕಥೆ ಅದರ ಮೂರನೇ ಒಂದು ಭಾಗವೂ ಇಲ್ಲ. ಆದರೆ ಕನ್ನಡದಲ್ಲಿ ಪದಗಳನ್ನು ಎಣಿಸಿ ಕಥೆ ಸುಲಭವೋ ಕಷ್ಟವೋ ಹೇಳಲು ಹೊರಟರೆ ಮೋಸ ಹೋಗುತ್ತೇವೆ. ಅಮೆರಿಕದ ಡಾ. ಸ್ಯೂಸ್ 1960ರಲ್ಲಿ ಬರೇ 50 ಬೇರೆ ಬೇರೆ ಪದಗಳಲ್ಲಿ ಒಂದಿಡೀ ಪುಸ್ತಕ ಬರೆದರು. ಇಂಗ್ಲಿಷಿನಲ್ಲಿ ಪದ ಹೆಚ್ಚಾಗಿ ಇದ್ದ ಹಾಗೇ ಇರುತ್ತದೆ. ನಮ್ಮಲ್ಲಿ ಅಕ್ಕ, ಅಕ್ಕನ, ಅಕ್ಕನಿಗೆ ಎಂದು ಒಬ್ಬಳೇ ಅಕ್ಕ ಮೂರು ಪದವಾಗುತ್ತಾಳೆ. ‘ಕೇಳಲಿಲ್ಲ’ ಲೆಕ್ಕಕ್ಕೆ ಒಂದೇ ಪದ, ಓದುವ ಮಗುವಿಗೆ ಮೂರು ಪದದಷ್ಟು ಭಾರ.

ಆದ್ದರಿಂದ ಕನ್ನಡದಲ್ಲಿ ಪದಕ್ಕಿಂತ ಅಕ್ಷರದ ಲೆಕ್ಕ ಮುಖ್ಯ. ವರ್ಣಮಾಲೆ ಐವತ್ತರ ಆಸುಪಾಸಿನಲ್ಲೇ ಇದ್ದರೂ, ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ಅಕ್ಷರಗಳು ನಾನೂರು ದಾಟುತ್ತವೆ. ಒತ್ತಕ್ಷರ ಅದರ ಮೇಲಿನ ಹೊರೆ. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಬೆಂಗಳೂರಿನಲ್ಲಿ ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಇಷ್ಟೊಂದು ಅಕ್ಷರಗಳು ಕೈಗೆ ಬರುವುದಕ್ಕೆ ಒಂದನೇ ತರಗತಿ ಸಾಲದು, ಆ ಕಲಿಕೆ ಮುಂದಿನ ತರಗತಿಗಳಿಗೂ ಹರಿಯುತ್ತದೆ. ಸರಳ ಅಕ್ಷರ ಬೇಗ ಬರುತ್ತದೆ, ಒತ್ತು ತಡವಾಗಿ ಬರುತ್ತದೆ. ಆರು ವರ್ಷದ ಮಗುವಿನ ಕೈಗೆ ‘ಸ್ನೇಹಿತರೊಂದಿಗೆ ಹಂಚಿಕೊಳ್ಳುವುದು ಒಳ್ಳೆಯದು’ ಎಂಬ ಸಾಲು ಕೊಟ್ಟು ಓದು ಅಂದರೆ, ‘ಸ್ನೇ’ ದಾಟುವಷ್ಟರಲ್ಲಿ ಅದಕ್ಕೆ ಆಟ ನೆನಪಾಗುತ್ತದೆ.

ಮೇಲಿನ ಕಥೆಯಲ್ಲಿ ಮಹಾಪ್ರಾಣ ಒಂದೂ ಇಲ್ಲ. ಮರುಕಳಿಸುವ ಎರಡು ಮುಖ್ಯ ಮಾತುಗಳಲ್ಲಿ, ಅಂದರೆ ‘ನನಗೂ ಬೇಕು’ ಮತ್ತು ‘ಬಾ, ಕೂರು. ನಿನಗೂ ಇದೆ’ ಎಂಬಲ್ಲಿ, ಒತ್ತಕ್ಷರವೂ ಇಲ್ಲ. ತಿಂಡಿಯಾಗಿ ದೋಸೆಯನ್ನು ಆರಿಸಿದ್ದಕ್ಕೆ ರುಚಿಯಷ್ಟೇ ಕಾರಣವಲ್ಲ. ರೊಟ್ಟಿ, ಇಡ್ಲಿ, ಚಕ್ಕುಲಿ, ಹಣ್ಣು, ಎಲ್ಲಕ್ಕೂ ಒತ್ತಿದೆ. ದೋಸೆಗೆ ಇಲ್ಲ, ಹೋಳಿಗೆಗೂ ಕೋಡುಬಳೆಗೂ ಇಲ್ಲ. ನಲಿಕಲಿ ತರಗತಿಗಳಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಕ್ರಮದಲ್ಲಲ್ಲ, ರ ಗ ಸ ದ ಅ ಎಂಬ ಗುಂಪಿನಿಂದ. ರವಿಯ ರ, ದೋಸೆಯ ದ ಮತ್ತು ಸ ಅಲ್ಲೇ ಸಿಕ್ಕಿಬಿಡುತ್ತವೆ.

ಹಾಗಾದರೆ ಒತ್ತನ್ನು ಪೂರ್ತಿ ಬಿಟ್ಟುಬಿಡಬಹುದಲ್ಲ? ಬಿಡಲಾಗದು, ಬಿಡಲೂ ಬಾರದು. ಮನೆಯವರನ್ನು ಕರೆಯುವ ಕನ್ನಡದ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ. ಎಲ್ಲದರಲ್ಲೂ ಒತ್ತು, ಎಲ್ಲವೂ ಸಜಾತೀಯ, ಅಂದರೆ ಅಕ್ಷರಕ್ಕೆ ಅದರದೇ ಒತ್ತು. ಮಗು ಈ ಪದಗಳನ್ನು ಬಿಡಿಸಿ ಓದುವ ಮೊದಲೇ ಇಡಿಯಾಗಿ ಗುರುತು ಹಿಡಿಯುತ್ತದೆ. ಒತ್ತಕ್ಷರದ ಲೋಕಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಹಂಚಿ ತಿನ್ನುವ ಕಥೆಯಲ್ಲಿ ಮನೆಯವರೇ ಬರುವುದರಿಂದ ಈ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಧಾರವಾಡದ ಕಡೆಯ ಮಗುವಿಗೆ ಅಮ್ಮನ ಬದಲು ಅವ್ವ ಎಂದು ಬರೆದುಕೊಟ್ಟರೂ ಲೆಕ್ಕ ಕೆಡುವುದಿಲ್ಲ. ‘ಕೂರು’ ಅಲ್ಲಿಯ ಬಾಯಿಗೆ ಒಗ್ಗದಿದ್ದರೆ ‘ಕೂಡು’ ಅನ್ನಿ, ಅದಕ್ಕೂ ಒತ್ತಿಲ್ಲ. ಇಡೀ ಕಥೆಯಲ್ಲಿ ವಿಜಾತೀಯ ಒತ್ತಕ್ಷರ ಬರುವುದು ಒಂದೇ ಒಂದು ಕಡೆ, ‘ನಾಲ್ವರು’ ಎಂಬಲ್ಲಿ. ಅಲ್ಲಿ ಮಗು ನಿಲ್ಲುತ್ತದೆ, ನಿಲ್ಲಲಿ. ಇಬ್ಬರು, ಮೂವರು ಆದಮೇಲೆ ಯಾವುದು ಬರಬೇಕೆಂದು ಅದಕ್ಕೆ ಗೊತ್ತಿರುವುದರಿಂದ ಎಣಿಕೆಯೇ ಕೈ ಹಿಡಿದು ದಾಟಿಸುತ್ತದೆ.

ಇನ್ನು ಮರುಕಳಿಸುವ ಮಾತಿನ ಒಳಗೆ ಬರೋಣ. ಪ್ರತಿ ಸುತ್ತಿನಲ್ಲೂ ಎಲ್ಲವೂ ಒಂದೇ ಆಗಿದ್ದರೆ ಮಗು ಓದುವುದಿಲ್ಲ, ಎಲ್ಲವೂ ಬದಲಾದರೆ ಓದಲಾಗುವುದಿಲ್ಲ. ಇಲ್ಲಿ ಸುತ್ತಿಗೆ ಮೂರು ಜಾಗ ಬದಲಾಗುತ್ತವೆ: ಬಂದವರು ಯಾರು, ರವಿ ಯಾರ ಕಡೆ ನೋಡಿದ, ಈಗ ಎಷ್ಟು ಜನ. ಇವುಗಳ ನಡುವೆ ಕನ್ನಡ ತಾನೇ ಒಂದು ಬದಲಾವಣೆ ತಂದಿಡುತ್ತದೆ. ಅಕ್ಕ ಬಂದಳು, ಅಣ್ಣ ಬಂದ. ಬಾಯಿಪಾಠದ ಭರದಲ್ಲಿ ‘ಅಣ್ಣ ಬಂದಳು’ ಎಂದುಬಿಟ್ಟ ಮಗು ತಾನೇ ತಡೆದು ನಗುತ್ತದೆ, ಪುಟ ನೋಡುತ್ತದೆ. ಕಿವಿಗೆ ತಪ್ಪು ತಿಳಿದು ಕಣ್ಣು ಸರಿಮಾಡುವ ಆ ಗಳಿಗೆಯೇ ಓದು.

ಇದಕ್ಕಿಂತ ಸೂಕ್ಷ್ಮವಾದ ಜಾಗ ‘ನನಗೂ’ ಮತ್ತು ‘ನಿನಗೂ’. ಎರಡಕ್ಕೂ ವ್ಯತ್ಯಾಸ ಒಂದು ಗುಡಿಸು ಮಾತ್ರ, ನ ಮತ್ತು ನಿ. ಬೇಡುವವರ ಮಾತಿಗೂ ಕೊಡುವವನ ಮಾತಿಗೂ ಅಷ್ಟೇ ಅಂತರ. ಅಕ್ಷರ ಆಗಷ್ಟೇ ಕೂಡಿಸುತ್ತಿರುವ ಕೆಲವು ಮಕ್ಕಳು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ, ಎರಡನ್ನೂ ‘ನನಗೂ’ ಎಂದೇ ಓದುತ್ತಾರೆ. ತಿದ್ದಲು ಅವಸರ ಬೇಡ. ‘ಈಗ ಮಾತಾಡುತ್ತಿರುವುದು ಯಾರು?’ ಎಂದು ಕೇಳಿದರೆ ಸಾಕು. ರವಿ ಎಂದು ಉತ್ತರ ಬಂದಮೇಲೆ, ರವಿ ಅಕ್ಕನಿಗೆ ‘ನನಗೂ ಇದೆ’ ಅನ್ನುತ್ತಾನಾ ಎಂಬ ಸಂಶಯ ಮಗುವಿಗೇ ಹುಟ್ಟುತ್ತದೆ. ಇಂಥ ಹತ್ತಿರದ ಜೋಡಿಯನ್ನು ಬೇಕೆಂದೇ ಇಡಬಹುದು, ಆದರೆ ಒಂದು ಕಥೆಗೆ ಒಂದೇ ಜೋಡಿ. ಎರಡಾದರೆ ಕಥೆ ಹೋಗಿ ಕಾಗುಣಿತದ ಪರೀಕ್ಷೆಯಾಗುತ್ತದೆ.

ನಾಲ್ಕನೆಯ ಪುಟದಲ್ಲಿ ಸಾಲು ಬೇಕೆಂದೇ ಮುರಿದಿದೆ. ಅಮ್ಮ ಬಂದಳು ಎಂದ ಕೂಡಲೇ ಮಗುವಿನ ಬಾಯಿ ‘ನನಗೂ ಬೇಕು’ ಎಂದು ಸಿದ್ಧವಾಗಿರುತ್ತದೆ. ಪುಟದಲ್ಲಿ ಇರುವುದು ‘ಅಮ್ಮ ಏನೂ ಕೇಳಲಿಲ್ಲ’. ನಿಜವಾಗಿ ಓದುತ್ತಿರುವ ಮಗು ಇಲ್ಲಿ ನಿಧಾನವಾಗುತ್ತದೆ. ಒಪ್ಪಿಸುತ್ತಿರುವ ಮಗು ಹಳೆಯ ಸಾಲನ್ನೇ ಹೇಳಿ ಮುಂದೆ ಹೋಗುತ್ತದೆ. ಕೂತು ಕೇಳುವವರಿಗೆ ಬೇರೆ ಪರೀಕ್ಷೆಯೇ ಬೇಕಾಗಿಲ್ಲ. ಕಥೆಯ ಹುರುಳು ಕೂಡ ಇದೇ ಜಾಗದಲ್ಲಿದೆ. ಅಕ್ಕ ಅಣ್ಣ ಕೇಳಿ ಪಡೆದರು. ಎಲ್ಲರಿಗೂ ಹುಯ್ದು ಕೊಟ್ಟು ಕೊನೆಗೆ ಬಂದವಳು ಕೇಳಲಿಲ್ಲ, ರವಿಯೇ ನೋಡಿ ಕೊಟ್ಟ. ಓದಿನ ಆಸರೆ ತಪ್ಪುವ ಜಾಗವೂ ಕಥೆ ತಿರುಗುವ ಜಾಗವೂ ಒಂದೇ ಆಗಿದ್ದರೆ ಮಗುವಿಗೆ ಎಡವಿದ್ದು ನಷ್ಟ ಅನ್ನಿಸುವುದಿಲ್ಲ. ಮರುಕಳಿಕೆ ಮುರಿಯುವುದೇನೋ ಹಲವು ಪುಸ್ತಕಗಳಲ್ಲಿ ಇದೆ, ಆದರೆ ಸುಮ್ಮನೆ ಬೇಸರ ಕಳೆಯಲು ಎಂಬಂತೆ ಎಲ್ಲೋ ಒಂದು ಕಡೆ ಮುರಿಯುತ್ತದೆ. ನನ್ನ ಮಟ್ಟಿಗೆ ಅದು ಕೈಗೆ ಬಂದ ಅವಕಾಶ ಬಿಟ್ಟುಕೊಟ್ಟ ಹಾಗೆ.

ಕೊನೆಯ ಸಾಲು ‘ನನಗೂ ಇದೆ!’ ಮಗು ಈ ವಾಕ್ಯವನ್ನು ಅಲ್ಲಿಯವರೆಗೆ ಒಮ್ಮೆಯೂ ನೋಡಿಲ್ಲ. ಆದರೆ ‘ನನಗೂ’ ಅಕ್ಕ ಅಣ್ಣನ ಮಾತಿನಿಂದ ಗೊತ್ತು, ‘ಇದೆ’ ರವಿಯ ಮಾತಿನಿಂದ ಗೊತ್ತು. ಎರಡನ್ನೂ ಅದೇ ಕೂಡಿಸಬೇಕು. ಹಳೆಯ ಪದಗಳಿಂದ ಹೊಸ ವಾಕ್ಯ ಓದಿತೆಂದರೆ ಮರುಕಳಿಕೆ ತನ್ನ ಕೆಲಸ ಮುಗಿಸಿತು.

ಹಂಚಿಕೆಯ ವಿಷಯಕ್ಕೆ ಬಂದರೆ, ನಮ್ಮ ಮಕ್ಕಳ ಕಥೆಗಳು ಮಾಮೂಲಾಗಿ ಹಿಡಿಯುವ ದಾರಿ ಒಂದಿದೆ. ಆಸೆಬುರುಕ ಮೊಲ ಕ್ಯಾರೆಟ್ ಕೊಡುವುದಿಲ್ಲ, ಗೆಳೆಯರು ದೂರವಾಗುತ್ತಾರೆ, ಮೊಲ ಅಳುತ್ತದೆ, ಆಮೇಲೆ ಕೊಡುತ್ತದೆ, ಕೂಡಲೇ ಅದಕ್ಕೆ ಬುಟ್ಟಿ ತುಂಬ ಕ್ಯಾರೆಟ್ ಸಿಗುತ್ತದೆ. ಇದರಲ್ಲಿ ಎರಡು ಕಡೆ ನನಗೆ ತಕರಾರಿದೆ.

ಒಂದು, ಮೊಲ. ಟೊರಾಂಟೊ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಗೇನಿಯಾ ಮತ್ತು ಜೊತೆಗಾರರು 4ರಿಂದ 6 ವರ್ಷದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದರು. ಹಂಚಿಕೊಳ್ಳಲು ಕಲಿಯುವ ಒಂದೇ ಕಥೆ. ಕೆಲವು ಮಕ್ಕಳಿಗೆ ಬಟ್ಟೆ ತೊಟ್ಟ ಪ್ರಾಣಿಗಳ ಚಿತ್ರದೊಂದಿಗೆ, ಕೆಲವರಿಗೆ ಅದೇ ಜಾಗದಲ್ಲಿ ಮನುಷ್ಯರ ಚಿತ್ರದೊಂದಿಗೆ ಓದಿ ಹೇಳಿದರು. ಓದುವ ಮುಂಚೆ, ಓದಿದ ಮೇಲೆ, ಮಕ್ಕಳು ತಮಗೆ ಸಿಕ್ಕ ಸ್ಟಿಕ್ಕರುಗಳಲ್ಲಿ ಇನ್ನೊಂದು ಮಗುವಿಗೆ ಎಷ್ಟು ಬಿಟ್ಟುಕೊಡುತ್ತಾರೆಂದು ನೋಡಿದರು. ಮನುಷ್ಯರ ಕಥೆ ಕೇಳಿದವರು ಮೊದಲಿಗಿಂತ ಹೆಚ್ಚು ಕೊಟ್ಟರು, ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಒಂದು ಪ್ರಯೋಗ ಹಿಡಿದು ಪಂಚತಂತ್ರವನ್ನು ಅಟ್ಟಕ್ಕೆ ಹಾಕುವುದು ಬೇಡ. ಆದರೆ ಮಗು ಕಥೆಯಿಂದ ಊಟದ ತಟ್ಟೆಗೆ ಏನನ್ನಾದರೂ ತರಲಿ ಎಂಬುದು ಆಸೆಯಾಗಿದ್ದರೆ, ಕಥೆಯಲ್ಲಿ ಮೊಲಕ್ಕಿಂತ ರವಿ ಇರುವುದು ಮೇಲು.

ಇನ್ನೊಂದು, ಆ ಬುಟ್ಟಿ ತುಂಬ ಕ್ಯಾರೆಟ್. ಕೊಟ್ಟರೆ ಹೆಚ್ಚು ಸಿಗುತ್ತದೆ ಎಂಬುದು ಹಂಚಿಕೆಯ ಕಥೆಯಾಗದೆ ವ್ಯಾಪಾರದ ಕಥೆಯಾಗುತ್ತದೆ. ಮಗುವಿಗೆ ನಿಜ ಗೊತ್ತು, ಕೊಟ್ಟರೆ ತನ್ನದು ಕಡಿಮೆಯಾಗುತ್ತದೆ. ಅದಕ್ಕೇ ಇಲ್ಲಿ ದೋಸೆ ‘ಕೊನೆಯದು’. ಅದಲ್ಲದಿದ್ದರೆ ‘ಅಮ್ಮ ಇನ್ನೊಂದು ಹುಯ್ಯಲಿ’ ಎಂದು ಮಗು ಕಥೆಯನ್ನು ಎರಡನೆಯ ಪುಟದಲ್ಲೇ ಮುಗಿಸುತ್ತದೆ. ಅದಕ್ಕೇ ರವಿ ಎರಡೆರಡು ಸಲ ನೋಡುತ್ತಾನೆ, ದೋಸೆಯನ್ನೊಮ್ಮೆ, ಬಂದವರನ್ನೊಮ್ಮೆ. ಅವನಿಗೆ ಕಷ್ಟವಾಯಿತೆಂದು ಎಲ್ಲೂ ಬರೆದಿಲ್ಲ, ಒಳ್ಳೆಯ ಹುಡುಗ ಎಂದೂ ಬರೆದಿಲ್ಲ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಚಿಕ್ಕ ತುಂಡೇ.

ತುಂಡಿನ ಲೆಕ್ಕದಲ್ಲೂ ಒಂದು ಗುಂಡಿ ಇದೆ. ಅಕ್ಕ ಬಂದಾಗಲೇ ದೋಸೆ ಅರ್ಧ ಮಾಡಿ ಕೊಟ್ಟು, ಅಣ್ಣ ಬಂದಾಗ ಉಳಿದ ಅರ್ಧದಲ್ಲಿ ಅರ್ಧ ಕೊಟ್ಟು ಹೀಗೇ ಸಾಗಿದರೆ ಪ್ರತಿ ಪುಟದಲ್ಲೂ ದೋಸೆ ಕಿರಿದಾಗುತ್ತಾ ಹೋಗುತ್ತದೆ, ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೆ ಅಕ್ಕನಿಗೆ ಅರ್ಧ, ಅಣ್ಣನಿಗೆ ಕಾಲು, ಅಮ್ಮನಿಗೂ ರವಿಗೂ ಅರೆಕಾಲು. ಆರು ವರ್ಷದವರು ಇದನ್ನು ಸುಮ್ಮನೆ ಬಿಡುವವರಲ್ಲ. ಅಲೆಕ್ಸ್ ಶಾ ಮತ್ತು ಕ್ರಿಸ್ಟಿನಾ ಓಲ್ಸನ್ 2012ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗವೊಂದರಲ್ಲಿ 6ರಿಂದ 8 ವರ್ಷದ ಮಕ್ಕಳಿಗೆ, ಕೋಣೆ ಚೊಕ್ಕಟ ಮಾಡಿದ ಇಬ್ಬರು ಹುಡುಗರಿಗೆ ರಬ್ಬರು ಹಂಚಲು ಹೇಳಿದರು. ಇದ್ದದ್ದು 5 ರಬ್ಬರು. ತಲೆಗೆ ಎರಡು ಕೊಟ್ಟು ಉಳಿದ ಒಂದನ್ನು ಒಬ್ಬನಿಗೆ ಕೊಡುವುದೋ ಎಸೆಯುವುದೋ ಎಂದು ಕೇಳಿದರೆ, ಹೆಚ್ಚಿನ ಮಕ್ಕಳು ಎಸೆಯಿರಿ ಎಂದರು. ಒಬ್ಬನಿಗೆ ಹೆಚ್ಚಾಗುವುದಕ್ಕಿಂತ ಯಾರಿಗೂ ಇಲ್ಲದಿರುವುದೇ ವಾಸಿ ಎಂಬ ನ್ಯಾಯ ಆ ವಯಸ್ಸಿನದು. ಆದ್ದರಿಂದ ನಮ್ಮ ಕಥೆಯಲ್ಲಿ ದೋಸೆಗೆ ಯಾರೂ ಕೈ ಹಾಕದೆ ಕಾಯುತ್ತಾರೆ. ಏರುವುದು ಜನರ ಎಣಿಕೆ, ಒಂದು ದೋಸೆ ಒಂದಾಗಿಯೇ ಉಳಿಯುತ್ತದೆ. ಎಲ್ಲರೂ ಕೂತಮೇಲೆ ಒಮ್ಮೆಗೇ ನಾಲ್ಕು ತುಂಡು. ಚಿತ್ರ ಬರೆಯುವವರು ಆ ನಾಲ್ಕನ್ನೂ ಒಂದೇ ಅಳತೆಗೆ ಬರೆಯಬೇಕು. ಒಂದು ದೊಡ್ಡದಾಗಿ ಕಂಡರೆ ಮಗು ಕಥೆ ಬಿಟ್ಟು ಅದರ ಬಗ್ಗೆಯೇ ಜಗಳಕ್ಕೆ ನಿಲ್ಲುತ್ತದೆ.

ಚಿತ್ರದ ಬಗ್ಗೆ ಇನ್ನೊಂದು ಮಾತು. ‘ಅಣ್ಣ ಬಂದ’ ಎಂಬ ಸಾಲಿನ ಪಕ್ಕದಲ್ಲೇ ಅಣ್ಣನ ಚಿತ್ರವಿದ್ದರೆ ಮಗು ಚಿತ್ರ ನೋಡಿ ಅಣ್ಣ ಅನ್ನುತ್ತದೆ, ಅಕ್ಷರಕ್ಕೆ ಹೋಗುವುದಿಲ್ಲ. ಬಾಗಿಲಲ್ಲಿ ಒಂದು ನೆರಳೋ ಕಾಲಿನ ತುದಿಯೋ ಕಾಣಲಿ, ಮುಖ ಪುಟ ತಿರುಗಿಸಿದ ಮೇಲೆ ಸಿಗಲಿ. ಮರುಕಳಿಸುವ ಸಾಲು ಪ್ರತಿ ಪುಟದಲ್ಲೂ ಒಂದೇ ಜಾಗದಲ್ಲಿ, ಒಂದೇ ರೀತಿ ತುಂಡಾಗಿ ಅಚ್ಚಾಗಬೇಕು. ‘ಬಾ, ಕೂರು. ನಿನಗೂ’ ಒಂದು ಸಾಲಿಗೆ ಬಂದು ‘ಇದೆ’ ಕೆಳಕ್ಕೆ ಜಾರಿದರೆ ಮಗು ಅದನ್ನು ಹೊಸ ಮಾತೆಂದು ಓದತೊಡಗುತ್ತದೆ. ಕನ್ನಡದಲ್ಲಿ ಸಾಲುಗಳ ನಡುವೆ ಜಾಗವೂ ಧಾರಾಳವಾಗಿ ಬೇಕು. ಅಕ್ಕನ ಒತ್ತು ಇಳಿದು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟಿದರೆ ಯಾವುದು ಯಾರದ್ದೆಂದು ಹೊಸ ಕಣ್ಣಿಗೆ ತಿಳಿಯುವುದಿಲ್ಲ.

ಓದಿಸುವ ಕ್ರಮ ಸರಳ. ಮೊದಲ ಸಲ ದೊಡ್ಡವರು ಪೂರ್ತಿ ಓದಬೇಕು, ಪದದ ಕೆಳಗೆ ಬೆರಳು ಸರಿಸುತ್ತಾ. ಆಮೇಲೊಂದು ಸಲ ರವಿಯ ಮಾತು, ಅಕ್ಕ ಅಣ್ಣನ ಮಾತು ಮಗುವಿಗೆ ಬಿಟ್ಟು ಉಳಿದದ್ದು ತಾವು ಓದಬೇಕು. ಮುಂದಿನ ಸಲ ಪೂರ್ತಿ ಮಗುವಿನದು, ಬೆರಳೂ ಅದರದ್ದೇ. ಬೆರಳು ಬಾಯಿಗಿಂತ ಹಿಂದೆ ಬಿದ್ದರೆ ಮಗು ಒಪ್ಪಿಸುತ್ತಿದೆ ಎಂದು ಅರ್ಥ. ನಡುವೆ ಎಲ್ಲೂ ‘ನೀನೂ ರವಿಯ ಹಾಗೆ ತಂಗಿಗೆ ಕೊಡಬೇಕು, ಗೊತ್ತಾಯ್ತಾ?’ ಎಂಬ ಮಾತು ಬರದಿರಲಿ. ಅಷ್ಟು ಹೇಳಿದಿರೋ, ಮುಂದಿನ ಸಲ ಆ ಪುಸ್ತಕ ಮಂಚದ ಕೆಳಗೆ ಸಿಗುತ್ತದೆ.

ಅನುಮಾನ ಇನ್ನೂ ಉಳಿದರೆ ಚೀಟಿಗಳ ಆಟ ಆಡಿಸಬಹುದು. ಕಥೆಯ ಪದಗಳನ್ನೇ ಬೇರೆ ಬೇರೆ ಚೀಟಿಗಳಲ್ಲಿ ದಪ್ಪಕ್ಷರದಲ್ಲಿ ಬರೆದು, ಕಥೆಯಲ್ಲಿ ಇಲ್ಲದ ವಾಕ್ಯ ಜೋಡಿಸಿ ಇಡಿ: ‘ಅಮ್ಮನಿಗೆ ದೋಸೆ ಬೇಕು’, ‘ಅಣ್ಣ ತಟ್ಟೆ ನೋಡಿದ’, ‘ಬಾ, ಕೂರು. ಒಂದು ತುಂಡು ಇದೆ’. ಇವನ್ನು ಓದಿದ ಮಗುವಿಗೆ ಪದಗಳು ಬಂದಿವೆ. ಆಮೇಲೆ ಒಂದು ಹೆಜ್ಜೆ ಮುಂದೆ, ಕಥೆಯಲ್ಲಿ ಬಂದೇ ಇಲ್ಲದ ಪದ, ‘ರವಿಗೂ ಬೇಕು’. ರವಿ ಗೊತ್ತು, ನನಗೂ ನಿನಗೂ ಎಂಬಲ್ಲಿಯ ‘ಗೂ’ ಗೊತ್ತು, ಎರಡೂ ಸೇರಿದ ‘ರವಿಗೂ’ ಹೊಸದು. ಇದನ್ನು ತಾನೇ ಕೂಡಿಸಿ ಓದಿದ ಮಗುವಿಗೆ ಈ ಕಥೆಯಿಂದ ಸಿಗಬೇಕಾದದ್ದು ಸಿಕ್ಕಿತು, ಬೇರೆ ಪುಸ್ತಕ ಕೊಡಬಹುದು. ಚೀಟಿಯಲ್ಲಿ ‘ನನಗೂ ಬೇಕು’ ಮಾತ್ರ ಓದಿ ಉಳಿದಲ್ಲಿ ಚಾವಣಿ ನೋಡಿದರೆ, ಇನ್ನೂ ಕೆಲವು ದಿನ ಇದೇ ಕಥೆ ಇರಲಿ. ಆಗ ಅಕ್ಕನ ಜಾಗಕ್ಕೆ ಅಜ್ಜಿಯನ್ನು ತಂದು ಅದೇ ಪುಟ ಹೊಸದಾಗಿ ಬರೆದುಕೊಡಿ. ಅಜ್ಜಿಯನ್ನು ಬಹುವಚನದಲ್ಲಿ ಕರೆಯುವ ಮನೆಯಾದರೆ ‘ಬಂದರು’, ‘ಬನ್ನಿ, ಕೂರಿ’, ‘ನಿಮಗೂ ಇದೆ’ ಎಂದು ಸಾಲು ತಾನಾಗಿ ಬದಲಾಗುತ್ತದೆ, ಮಗುವಿನ ಕಣ್ಣಿಗೆ ಮತ್ತೆ ಕೆಲಸ ಬೀಳುತ್ತದೆ.